ಶೆಡ್ಯೂಲ್ ಫ್ರೀಜ್ ಮಾಡುವ ಮೊದಲು ಕಾಫಿ ಹುರಿಯುವ ರೋಸ್ಟರ್ ಲೆಕ್ಕ ನೋಡಿ

ಕುಶಾಲನಗರ ಕಡೆ ಕಾಫಿ ಪುಡಿ ಯೂನಿಟ್ ನಡೆಸುವವರಿಗೆ ಈ ಮಾತು. ಇಆರ್‌ಪಿ ಸಾಫ್ಟ್‌ವೇರ್‌ನ ಮೆಟೀರಿಯಲ್ ಪ್ಲಾನಿಂಗ್ ಸಾಮಾನ್ಯವಾಗಿ ಮೆಷಿನ್‌ಗೆ ಮಿತಿಯೇ ಇಲ್ಲ ಅಂದುಕೊಂಡು ಆರ್ಡರ್ ಹಾಕುತ್ತದೆ.

ಡಿಸೆಂಬರ್‌ಗೆ ಸೇಲ್ಸ್‌ನವರು 18,000 ಕೆಜಿ ಪುಡಿ ಕೇಳಿದ್ದಾರೆ ಅನ್ನಿ, ಚಿಕೋರಿ ಇಲ್ಲದ್ದು. ನಿಮ್ಮದು 60 ಕೆಜಿ ರೋಸ್ಟರ್, ಬಿಸಿಯಾಗುವ ಹೊತ್ತು, ಕ್ಲೀನಿಂಗ್ ಎಲ್ಲ ಕಳೆದು ದಿನಕ್ಕೆ ಒಂದು ಶಿಫ್ಟ್‌ನಲ್ಲಿ 13 ಬ್ಯಾಚ್, ಅಂದರೆ 780 ಕೆಜಿ ಬೀಜ. ಹುರಿಯುವಾಗ ಸುಮಾರು 16% ತೂಕ ಹೋಗುತ್ತದಲ್ವಾ, ಉಳಿಯುವುದು 655 ಕೆಜಿ. 24 ದಿನಕ್ಕೆ 15,720. ಕೊರತೆ 2,280 ಕೆಜಿ.

ನವೆಂಬರ್‌ನಲ್ಲೇ ಪುಡಿ ಮಾಡಿಟ್ಟರೆ ಪರಿಮಳ ಹೋಗುತ್ತದೆ, ಅದು ಬೇಡ. 4 ಶಿಫ್ಟ್ ಜಾಸ್ತಿ ಹಾಕಿ, ಅದನ್ನು ಇಆರ್‌ಪಿಯಲ್ಲಿ ರೋಸ್ಟರ್‌ನ ವರ್ಕ್ ಸೆಂಟರ್ ಕ್ಯಾಲೆಂಡರ್‌ಗೆ ಸೇರಿಸಿ ಪ್ಲಾನ್ ಮತ್ತೆ ರನ್ ಮಾಡಿ. ಲೋಡ್ 100% ಒಳಗೆ ಬಂದ ಮೇಲೆಯೇ ಫ್ರೀಜ್. ಆಳು ಸಿಗದಿದ್ದರೆ ಡಿಮ್ಯಾಂಡ್ ಸಂಖ್ಯೆಯನ್ನೇ ಇಳಿಸಿ, ಸೇಲ್ಸ್‌ನವರು ಮುನಿಸಿಕೊಂಡರೂ ಸರಿ.