ಬೀಗ ಹಾಕಿದ ಫ್ಲ್ಯಾಟಿನ ಮಳೆಗಾಲ: ಕರೆಂಟು ಮತ್ತು ತೇವ ನಾನು ನೋಡುವ ರೀತಿ

ಅಕ್ಕ, ಭಾವ, ಮಕ್ಕಳು ಮಸ್ಕತ್‌ನಲ್ಲಿದ್ದಾರೆ. ಮಂಗಳೂರಿನ ಕದ್ರಿಯಲ್ಲಿ ಅವರದೊಂದು ಎರಡು ಬೆಡ್‌ರೂಮಿನ ಫ್ಲ್ಯಾಟ್ ಇದೆ. ಬಾಡಿಗೆಗೆ ಕೊಡುವ ಮನಸ್ಸಿಲ್ಲ. ರಜೆಯಲ್ಲಿ ಊರಿಗೆ ಬಂದರೆ ಇಳಿಯಲು ಸ್ವಂತ ಮನೆ ಬೇಕು. ಉಳಿದ ದಿನವೆಲ್ಲ ಬೀಗ, ಬೀಗದ ಕೈ ನನ್ನ ಹತ್ತಿರ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ, ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಹೋಗುತ್ತೇನೆ. ಕಸ ಗುಡಿಸುವುದು ದೊಡ್ಡ ಕೆಲಸವಲ್ಲ. ಹಿಂದಿನ ಸಲಕ್ಕೂ ಈ ಸಲಕ್ಕೂ ಏನು ಬದಲಾಗಿದೆ ಎಂದು ಕಂಡುಹಿಡಿಯುವುದೇ ನಿಜವಾದ ಕೆಲಸ. ಅದಕ್ಕೆ ಪ್ರತಿ ಸಲ ಒಂದೇ ಜಾಗದಲ್ಲಿ ನಿಂತು ಫೋಟೋ ತೆಗೆಯುತ್ತೇನೆ, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ.

ಲಿಫ್ಟ್ ಹತ್ತುವ ಮೊದಲೇ ನೆಲಮಹಡಿಯ ಮೀಟರ್ ರೂಮಿಗೆ ಹೋಗುತ್ತೇನೆ. ಡಿಸ್‌ಪ್ಲೇಯಲ್ಲಿ kWh ಎಂದು ಬರುವ ಅಂಕಿಯ ಫೋಟೋ ತೆಗೆಯುತ್ತೇನೆ. ಖಾಲಿ ಮನೆಯಲ್ಲಿ ಎಷ್ಟು ಯೂನಿಟ್ ಓಡಬೇಕು ಎಂಬುದನ್ನು ಮೊದಲೇ ಲೆಕ್ಕ ಹಾಕಿಟ್ಟುಕೊಂಡಿದ್ದೇನೆ. ಒಳಗೆ ಚಾಲೂ ಇರುವುದು ವೈಫೈ ರೂಟರ್ ಮತ್ತು ಹಾಲಿನ ಕ್ಯಾಮೆರಾ ಮಾತ್ರ. ಎರಡೂ ಸೇರಿ ಸುಮಾರು 15 ವ್ಯಾಟ್. ದಿನಕ್ಕೆ 0.36 ಯೂನಿಟ್, ತಿಂಗಳಿಗೆ ಹೆಚ್ಚೂಕಡಿಮೆ 11. ಮೀಟರು ಇದರ ಆಸುಪಾಸಿನಲ್ಲಿದ್ದರೆ ನೆಮ್ಮದಿ. ಒಂದು ಸಲ ಅಕ್ಕನವರು ರಜೆ ಮುಗಿಸಿ ಹೋದ ಮೇಲೆ ನೋಡಿದರೆ ಎರಡು ಪಟ್ಟಿಗಿಂತ ಜಾಸ್ತಿ ಓಡಿತ್ತು. ಹೊರಡುವ ಗಡಿಬಿಡಿಯಲ್ಲಿ ಗೀಸರಿನ ಸ್ವಿಚ್ ಹಾಕಿಯೇ ಹೋಗಿದ್ದರು. ಯಾರೂ ಬಳಸದಿದ್ದರೂ ಗೀಸರ್ ತಣ್ಣಗಾದಾಗಲೆಲ್ಲ ನೀರು ಕಾಯಿಸುತ್ತದೆ. ಮೀಟರು ನೋಡದೆ ಬಿಲ್ಲಿಗೆ ಕಾದಿದ್ದರೆ ಇನ್ನೂ ಎಷ್ಟೋ ದಿನ ಹಾಗೇ ಉರಿಯುತ್ತಿತ್ತು. ಯೂನಿಟ್ ಕಡಿಮೆ ಓಡಿದ್ದರೂ ಅಷ್ಟೇ ಗಮನ ಕೊಡಬೇಕು. ಒಳಗೆ ಯಾವುದೋ ಸ್ವಿಚ್ ಟ್ರಿಪ್ ಆಗಿ ಬಿದ್ದಿದೆ ಎಂದು ಅರ್ಥ.

ಮೇಲೆ ಹೋಗಿ ಬಾಗಿಲು ತೆರೆದ ಕೂಡಲೇ ಮೂಗಿಗೆ ಕೆಲಸ. ಮುಗ್ಗಲು ವಾಸನೆಯೋ, ಚರಂಡಿ ವಾಸನೆಯೋ ಎಂದು ಮೊದಲ ಉಸಿರಿನಲ್ಲೇ ಗೊತ್ತಾಗುತ್ತದೆ. ಎರಡು ನಿಮಿಷ ಕಳೆದರೆ ಮೂಗು ಒಗ್ಗಿಹೋಗುತ್ತದೆ. ಚರಂಡಿ ವಾಸನೆ ಬಂದರೆ ಬಾತ್‌ರೂಮಿನ ಜಾಲಿಯ ಕೆಳಗಿನ ಟ್ರ್ಯಾಪ್ ಒಣಗಿದೆ. ಅಲ್ಲಿ ನಿಂತಿರುವ ನೀರೇ ಕೆಳಗಿನ ಗಾಳಿ ಮತ್ತು ಜಿರಳೆಗೆ ತಡೆ. ಬೇಸಿಗೆಯಲ್ಲಿ ಕೆಲವೇ ವಾರಗಳಲ್ಲಿ ಅದು ಆರಿಹೋಗುತ್ತದೆ. ಪ್ರತಿ ಜಾಲಿಗೆ ಒಂದು ಬಕೆಟ್ ನೀರು ಹಾಕಿ, ಮೇಲಿಂದ ಒಂದು ಚಮಚ ಅಡುಗೆ ಎಣ್ಣೆ ಬಿಡುತ್ತೇನೆ. ಎಣ್ಣೆ ತೆಳುವಾಗಿ ಹರಡಿಕೊಂಡು ನೀರು ಆರುವುದನ್ನು ನಿಧಾನ ಮಾಡುತ್ತದೆ. ಕಮೋಡಿಗೆ ನೀರು ಮಾತ್ರ ಹಾಕಿ ಮುಚ್ಚಳ ಮುಚ್ಚುತ್ತೇನೆ. ಈ ನೀರಿಗಾಗಿ ಮೇನ್ ವಾಲ್ವ್ ತೆರೆಯುತ್ತೇನಲ್ಲ, ಆಗಲೇ ಎಲ್ಲ ನಲ್ಲಿಯನ್ನೂ ಒಮ್ಮೆ ಬಿಟ್ಟು ನಿಲ್ಲಿಸುತ್ತೇನೆ. ವಾಲ್ವನ್ನು ತಿರುಗಿಸುತ್ತಾ ಇರದಿದ್ದರೆ ಅದು ಬಿಗಿದುಕೊಂಡು ಬಿಡುತ್ತದೆ. ಹೊರಡುವಾಗ ಮತ್ತೆ ಬಂದ್.

ಮುಗ್ಗಲು ವಾಸನೆಗೆ ಬರೋಣ. ಹಾಲಿನಲ್ಲಿ ಒಂದು, ಪಶ್ಚಿಮದ ಬೆಡ್‌ರೂಮಿನ ಕಪಾಟಿನೊಳಗೆ ಒಂದು, ಗಾಳಿಯ ತೇವ ಅಳೆಯುವ ಡಿಜಿಟಲ್ ಹೈಗ್ರೋಮೀಟರ್ ಇಟ್ಟಿದ್ದೇನೆ. ಅದರಲ್ಲಿ ಅತಿ ಹೆಚ್ಚು, ಅತಿ ಕಡಿಮೆ ಅಂಕಿ ನೆನಪಿಟ್ಟುಕೊಳ್ಳುವ ವ್ಯವಸ್ಥೆ ಇದೆ. ಗಾಳಿಯ ತೇವ 70 ಶೇಕಡಾ ದಾಟಿ ವಾರಗಟ್ಟಲೆ ಹಾಗೇ ನಿಂತರೆ ಬಟ್ಟೆ, ಚರ್ಮ, ಪ್ಲೈವುಡ್ಡಿಗೆ ಬೂಷ್ಟು ಹಿಡಿಯುತ್ತದೆ. ಜುಲೈಯಲ್ಲಿ ನಮ್ಮೂರಿನ ಮುಚ್ಚಿದ ಮನೆಯಲ್ಲಿ 85 ಕಾಣುವುದು ಸಾಮಾನ್ಯ.

ಕಿಟಕಿ ತೆರೆದು ಗಾಳಿಯಾಡಿಸಿ ಎಂದು ಎಲ್ಲರೂ ಹೇಳುತ್ತಾರೆ. ಜಡಿಮಳೆಯ ದಿನ ನಾನು ಹಾಗೆ ಮಾಡುವುದಿಲ್ಲ. ಹೊರಗಿನ ಗಾಳಿಯೇ ಒಳಗಿಗಿಂತ ಒದ್ದೆ ಇರುವಾಗ ಕಿಟಕಿ ತೆರೆದರೆ ತೇವ ಒಳಗೆ ಬರುತ್ತದೆ, ಹೊರಗೆ ಹೋಗುವುದಿಲ್ಲ. ಅಂಥ ದಿನ ಕಿಟಕಿ ಮುಚ್ಚಿಯೇ ಫ್ಯಾನ್ ಹಾಕಿ, ಕಪಾಟಿನ ಬಾಗಿಲು, ಡ್ರಾಯರ್ ಎಲ್ಲ ತೆರೆದಿಡುತ್ತೇನೆ. ಬೆಡ್‌ರೂಮಿನ ಎಸಿಯನ್ನು ಡ್ರೈ ಮೋಡಿನಲ್ಲಿ ಎರಡು ಗಂಟೆ ಓಡಿಸುತ್ತೇನೆ. ಅದರ ಪೈಪಿನಿಂದ ಬಕೆಟ್ಟಿಗೆ ಬೀಳುವ ನೀರು ನೋಡಿದರೆ ರೂಮಿನಲ್ಲಿ ಎಷ್ಟು ತೇವ ಇತ್ತು ಎಂದು ಕಣ್ಣಿಗೇ ಕಾಣುತ್ತದೆ. ಕಿಟಕಿ ಪೂರ್ತಿ ತೆರೆಯುವುದು ಡಿಸೆಂಬರಿನಿಂದ ಫೆಬ್ರವರಿಯವರೆಗೆ, ಮಧ್ಯಾಹ್ನದ ಹೊತ್ತು. ಆಗಿನ ಒಣಗಾಳಿ ಒಂದೇ ದಿನದಲ್ಲಿ ಮಾಡುವ ಕೆಲಸವನ್ನು ಆಗಸ್ಟಿನಲ್ಲಿ ಯಾವ ಡಬ್ಬಿಯೂ ಮಾಡುವುದಿಲ್ಲ.

ಡಬ್ಬಿ ಅಂದರೆ ಅಂಗಡಿಯಲ್ಲಿ ಸಿಗುವ ತೇವ ಹೀರುವ ಡಬ್ಬಿ, ಒಳಗೆ ಕ್ಯಾಲ್ಸಿಯಂ ಕ್ಲೋರೈಡ್ ಇರುತ್ತದೆ. ಬಾಗಿಲು ಗಟ್ಟಿಯಾಗಿ ಮುಚ್ಚುವ ಕಪಾಟಿನಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಹಾಲಿನಲ್ಲಿಟ್ಟರೆ ಸುಮ್ನೆ ದುಡ್ಡು ದಂಡ. ಸೇರಿದ ನೀರು ಉಪ್ಪಿನ ದ್ರಾವಣ, ಚೆಲ್ಲಿದರೆ ಮರ ಮತ್ತು ಲೋಹ ಎರಡೂ ಹಾಳು. ಹಾಗಾಗಿ ಕೆಳಗೆ ಪ್ಲಾಸ್ಟಿಕ್ ತಟ್ಟೆ ಇಡುತ್ತೇನೆ. ಫ್ರಿಜ್ ಆಫ್ ಮಾಡಿ, ಒರೆಸಿ, ಬಾಗಿಲಿಗೆ ಸುತ್ತಿದ ಟವೆಲ್ ಸಿಕ್ಕಿಸಿ ಅರ್ಧ ತೆರೆದೇ ಬಿಟ್ಟಿದ್ದೇವೆ. ಸೋಫಾ, ಮಂಚಗಳನ್ನು ಹೊರಗೋಡೆಯಿಂದ ಒಂದು ಗೇಣು ಮುಂದೆ ಎಳೆದಿದ್ದೇವೆ.

ಕಳೆದ ಮಳೆಗಾಲದ ಒಂದು ಪ್ರಸಂಗ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕರೆಂಟು ಮತ್ತು ತೇವ ಎರಡೂ ಬೇರೆ ಬೇರೆ ಅಲ್ಲ ಎಂಬುದು ಅದರಲ್ಲಿ ಚೆನ್ನಾಗಿ ಕಾಣುತ್ತದೆ.

ಜುಲೈಯಲ್ಲಿ ಭಾವ ಮಸ್ಕತ್‌ನಿಂದ ಮೆಸೇಜ್ ಮಾಡಿದರು, "ಕ್ಯಾಮೆರಾ ಬಂದ್ ಆಗಿದೆ, ಒಮ್ಮೆ ನೋಡ್ತೀಯಾ?" ಹೋಗಿ ನೋಡಿದರೆ ಬಿಲ್ಡಿಂಗಿನಲ್ಲಿ ಕರೆಂಟಿದೆ, ಮನೆಯ ಲೈನುಗಳಿಗೆ ಕರೆಂಟು ಹಂಚುವ ನಮ್ಮ ಡಿಬಿ ಬಾಕ್ಸಿನಲ್ಲಿ ಆರ್‌ಸಿಸಿಬಿ ಕೆಳಗೆ ಬಿದ್ದಿದೆ. ಇದು ಅರ್ತಿಂಗಿಗೆ ಕರೆಂಟು ಸೋರಿದರೆ ಬೀಳುವ ಸ್ವಿಚ್. ಮನೆಗಳಲ್ಲಿ ಸಾಮಾನ್ಯವಾಗಿ 30 ಮಿಲಿಆಂಪಿಯರಿನದು ಇರುತ್ತದೆ. ಹೀಗೆ ಬಿದ್ದಿರುವುದನ್ನು ಸುಮ್ನೆ ಎತ್ತಿ ಬರಬಾರದು. ಕೈ ಒದ್ದೆ ಇಲ್ಲ ಎಂದು ನೋಡಿಕೊಂಡು, ಮೊದಲು ಎಲ್ಲ ಎಂಸಿಬಿ, ಅಂದರೆ ಒಂದೊಂದು ಲೈನಿಗೂ ಇರುವ ಸ್ವಿಚ್, ಕೆಳಗೆ ಮಾಡಿದೆ. ಆಮೇಲೆ ಆರ್‌ಸಿಸಿಬಿ ಎತ್ತಿದೆ, ನಿಂತಿತು. ರೂಟರಿನ ಎಂಸಿಬಿ ಎತ್ತಿದೆ, ನಿಂತಿತು. ಪಶ್ಚಿಮದ ಬೆಡ್‌ರೂಮು ಮತ್ತು ಬಾಲ್ಕನಿಯ ಲೈಟಿನದು ಎತ್ತಿದ ತಕ್ಷಣ ಆರ್‌ಸಿಸಿಬಿ ಟಪ್ ಎಂದು ಬಿತ್ತು. ಅಲ್ಲಿಗೆ ದೋಷ ಯಾವ ಲೈನಿನಲ್ಲಿ ಎಂದು ಗೊತ್ತಾಯಿತು. ಅದೊಂದನ್ನು ಕೆಳಗೇ ಬಿಟ್ಟು ಉಳಿದದ್ದನ್ನು ಪರೀಕ್ಷಿಸಿದೆ. ಕ್ಯಾಮೆರಾ ಮತ್ತೆ ಬಂತು.

ಇಲ್ಲಿ ಒಂದು ಮಿತಿ ಇದೆ. ಸಾಮಾನ್ಯ ಸಿಂಗಲ್ ಪೋಲ್ ಎಂಸಿಬಿ ಫೇಸ್ ತಂತಿಯನ್ನಷ್ಟೇ ಕಡಿಯುತ್ತದೆ, ನ್ಯೂಟ್ರಲ್ ಹಾಗೇ ಕೂಡಿಕೊಂಡಿರುತ್ತದೆ. ನ್ಯೂಟ್ರಲ್ ತಂತಿ ಅರ್ತಿಗೆ ತಾಗಿದ್ದರೆ ಆ ಲೈನಿನ ಎಂಸಿಬಿ ಕೆಳಗಿದ್ದರೂ, ಬೇರೆ ಲೈನಿನಲ್ಲಿ ಲೋಡ್ ಬಂದಾಗ ಆರ್‌ಸಿಸಿಬಿ ಬೀಳುತ್ತದೆ. ಒಂದೊಂದೇ ಎತ್ತುವ ಪರೀಕ್ಷೆ ಆಗ ದಾರಿ ತಪ್ಪಿಸುತ್ತದೆ. ಅಂಥ ಹೊತ್ತಿನಲ್ಲಿ ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್ನನ್ನು ಕರೆಯುವುದೇ ಸರಿ.

ಮರುದಿನ ಎಲೆಕ್ಟ್ರಿಷಿಯನ್ ಬಂದು ಮೇನ್ ಆಫ್ ಮಾಡಿ ಬಾಲ್ಕನಿ ಪಕ್ಕದ ಸ್ವಿಚ್‌ಬೋರ್ಡ್ ಬಿಚ್ಚಿದರು. ಒಳಗೆ ನೀರಿನ ಹನಿಗಳು, ಹಿತ್ತಾಳೆಯ ಸ್ಕ್ರೂಗಳಿಗೆ ಹಸಿರು ಕಿಲುಬು. ನೀರು ಗೋಡೆಯೊಳಗಿನ ತಂತಿಯ ಪೈಪಿನಲ್ಲೇ ಇಳಿದು ಬರುತ್ತಿತ್ತು. ಟಾರ್ಚ್ ಹಿಡಿದು ಹೊರಗೆ ನೋಡಿದರೆ ಸಜ್ಜಾ ಗೋಡೆಗೆ ಸೇರುವಲ್ಲಿ ಸಣ್ಣ ಬಿರುಕು. ನಮ್ಮ ಕರಾವಳಿಯಲ್ಲಿ ಮಳೆ ಕಡಲ ಕಡೆಯಿಂದ ಗಾಳಿಯೊಂದಿಗೆ ಓರೆಯಾಗಿ ಹೊಡೆಯುತ್ತದೆ. ಕೂದಲೆಳೆಯಂಥ ಬಿರುಕಾದರೂ ಪಶ್ಚಿಮದ ಗೋಡೆಗೆ ಸಾಕು. ಒದ್ದೆ ಗೋಡೆಗೆ ಹಾಕಿದ ಫಿಲ್ಲರ್ ಹಿಡಿಯುವುದಿಲ್ಲ. ಆದ್ದರಿಂದ ಆ ಎಂಸಿಬಿಗೆ ಟೇಪ್ ಅಂಟಿಸಿ "ಎತ್ತಬೇಡಿ" ಎಂದು ಬರೆದೆ. ಜನವರಿಯಲ್ಲಿ ಗೋಡೆ ಒಣಗಿದ ಮೇಲೆ ಬಿರುಕನ್ನು ವಿ ಆಕಾರಕ್ಕೆ ಅಗಲ ಮಾಡಿಸಿ, ಫಿಲ್ಲರ್ ತುಂಬಿಸಿ, ಮೇಲೆ ಹೊರಗೋಡೆಯ ವಾಟರ್‌ಪ್ರೂಫ್ ಕೋಟಿಂಗ್ ಹೊಡೆಸಿದೆವು. ತಂತಿಯನ್ನೂ ಹೊಸದಾಗಿ ಎಳೆಸಿದೆವು.

ಅದೇ ಬೆಡ್‌ರೂಮಿನ ಒಳಗೋಡೆಯಲ್ಲಿ, ಬಾತ್‌ರೂಮಿಗೆ ತಾಗಿದ ಮೂಲೆಯಲ್ಲಿ, ಬಾಲ್ಕನಿ ಕಡೆಯ ಕಲೆಯಲ್ಲದೆ ಇನ್ನೊಂದು ತೇವದ ಕಲೆ ಇತ್ತು. ಎಲೆಕ್ಟ್ರಿಷಿಯನ್ ಅದನ್ನೂ ಮಳೆಯ ಲೆಕ್ಕಕ್ಕೇ ಸೇರಿಸಿದರು. ನಾನು ಎರಡೂ ಕಲೆಗಳ ಅಂಚಿಗೆ ಪೆನ್ಸಿಲ್ ಗೆರೆ ಎಳೆದು ತಾರೀಕು ಬರೆದೆ. ಮೂಲೆಯ ಕಲೆಯ ಮೇಲೆ ಒಂದಡಿ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ, ಎರಡು ದಿನ ಬಿಟ್ಟು ನೋಡಿದೆ. ಹನಿ ರೂಮಿನ ಕಡೆಗಿದ್ದರೆ ಅದು ಗಾಳಿಯ ತೇವ, ಹಾಳೆಯ ಹಿಂದೆ ಇದ್ದರೆ ಗೋಡೆಯೊಳಗಿನದು. ಹನಿ ಹಿಂದೆಯೇ ಇತ್ತು.

ಡಿಸೆಂಬರಿನಲ್ಲಿ ವಿಷಯ ಸ್ಪಷ್ಟವಾಯಿತು. ಬಾಲ್ಕನಿ ಕಡೆಯ ಕಲೆ ಗೆರೆಯಿಂದ ಒಳಗೆ ಸರಿದು, ಬಿಳಿ ಉಪ್ಪಿನ ಪುಡಿ ಬಿಟ್ಟು ಒಣಗಿತ್ತು. ಮೂಲೆಯದು ಮಳೆ ನಿಂತರೂ ಗೆರೆ ದಾಟಿ ಎರಡು ಬೆರಳಿನಷ್ಟು ಬೆಳೆದಿತ್ತು. ಮಳೆಯಿಲ್ಲದೆ ಬೆಳೆಯುವ ಕಲೆಗೆ ನೀರು ಮನೆಯಿಂದಲೇ ಬರಬೇಕು ಅಲ್ವಾ? ನಮ್ಮ ಮೇನ್ ವಾಲ್ವ್ ಬಂದ್. ಉಳಿದದ್ದು ಮೇಲಿನ ಮನೆ.

ಮೇಲಿನ ಮನೆಯ ಆಂಟಿಗೆ ತಾರೀಕು ಬರೆದ ಗೆರೆಗಳ ಫೋಟೋ ತೋರಿಸಿದೆ. "ನಮ್ಮಲ್ಲಿ ಒಂದು ಹನಿಯೂ ಲೀಕ್ ಇಲ್ಲ ಮಾರಾಯಾ" ಎಂದರು. ಅವರಿಗೆ ಕಾಣುವುದು ಹೇಗೆ, ನೀರು ಇಳಿಯುವುದು ಕೆಳಗೆ! "ಆಂಟಿ, ಒಂದು ದಿನ ಪರೀಕ್ಷೆ ಮಾಡುವ, ಲೀಕ್ ಇಲ್ಲದಿದ್ದರೆ ನಿಮಗೂ ಸಮಾಧಾನ" ಎಂದೆ. ಒಪ್ಪಿದರು. ಪ್ಲಂಬರ್ ಮೊದಲು ನಲ್ಲಿಯ ಪೈಪುಗಳಿಗೆ ಒತ್ತಡ ಕೊಟ್ಟು ನೋಡಿದರು, ಅವು ಸರಿಯಿದ್ದವು. ಆಮೇಲೆ ಜಾಲಿಗೆ ಬಟ್ಟೆ ತುರುಕಿ, ಬಾತ್‌ರೂಮಿನ ನೆಲದಲ್ಲಿ ಒಂದು ಇಂಚು ನೀರು ನಿಲ್ಲಿಸಿ 24 ಗಂಟೆ ಬಿಟ್ಟರು. ಮರುದಿನ ಮೇಲೆ ನೀರು ಇಳಿದಿತ್ತು, ಕೆಳಗೆ ನಮ್ಮ ಮೂಲೆ ಮುಟ್ಟಿದರೆ ಕೈ ಒದ್ದೆಯಾಗುತ್ತಿತ್ತು. ಟೈಲ್ಸ್ ನಡುವಿನ ಸಂದು ಸವೆದು, ಜಾಲಿಯ ಸುತ್ತ ಬಿಟ್ಟುಕೊಂಡಿತ್ತು. ಆಂಟಿಯೇ ಮುಂದೆ ನಿಂತು ಜಾಲಿಯ ಸುತ್ತ ಒಡೆಸಿ ಸರಿಮಾಡಿಸಿ, ಸಂದುಗಳಿಗೆ ಎಪಾಕ್ಸಿ ಗ್ರೌಟ್ ಹಾಕಿಸಿದರು.

ನೀರು ನಿಂತ ಕೂಡಲೇ ಗೋಡೆ ಒಣಗುವುದಿಲ್ಲ, ಒಳಗಿನ ತೇವ ಆರಲು ತಿಂಗಳುಗಳೇ ಬೇಕು. ರಿಪೇರಿಯಾದ ದಿನ ಹೊಸ ಗೆರೆ ಎಳೆದಿದ್ದೇನೆ. ಉಪ್ಪು ಎದ್ದ ಸಡಿಲ ಪುಟ್ಟಿಯನ್ನು ಕೆರೆದು, ಗೋಡೆಯನ್ನು ತೆರೆದೇ ಬಿಟ್ಟಿದ್ದೇನೆ. ಬಣ್ಣ ಈಗಲೇ ಹೊಡೆದರೆ ಗುಳ್ಳೆ ಏಳುತ್ತದೆ. ಅಕ್ಕನಿಗೆ ಬೋಳು ಮೂಲೆ ನೋಡಲು ಬೇಜಾರು. ಆದರೂ ಈ ಮಳೆಗಾಲ ದಾಟಿ, ಗೆರೆ ಕದಲದೆ, ಪ್ಲಾಸ್ಟಿಕ್ ಹಾಳೆಯ ಹಿಂದೆ ಹನಿ ಕಾಣದಿದ್ದರೆ ಮಾತ್ರ ಡಿಸೆಂಬರಿನಲ್ಲಿ ಪೇಂಟರನ್ನು ಕರೆಯುವುದು ಎಂದು ಹೇಳಿದ್ದೇನೆ.