ಸಹೋದ್ಯೋಗಿಗೆ ಸಾಂತ್ವನದ ಸಂದೇಶ: ಕಳುಹಿಸುವ ಮೊದಲು ಕ್ರಿಯಾಪದಗಳನ್ನು ನೋಡಿ

ತಾಯಿಯನ್ನು ಕಳೆದುಕೊಂಡ ಸಹೋದ್ಯೋಗಿಗೆ ಅವಸರದಲ್ಲಿ ಬರೆದ ಒಂದು ಸಂದೇಶ ಹೀಗಿದೆ ಎಂದುಕೊಳ್ಳೋಣ: ‘ನಿಮ್ಮ ತಾಯಿ ಸತ್ತ ವಿಷಯ ತಿಳಿಯಿತು. ನಿಮ್ಮ ನಷ್ಟಕ್ಕೆ ಕ್ಷಮೆಯಿರಲಿ. ಆಕೆ ತುಂಬಾ ಒಳ್ಳೆಯವಳು. ಧೈರ್ಯ ತಂದುಕೋ, ಏನಾದರೂ ಬೇಕಿದ್ದರೆ ಹೇಳಿ.’ ಬರೆದವರ ಮನಸ್ಸಿನಲ್ಲಿ ಮರುಕವಿದ್ದರೂ ಓದುವವರಿಗೆ ಅದು ಒರಟಾಗಿಯೇ ಕೇಳಿಸುತ್ತದೆ.

ಮೊದಲು ತೀರಿಕೊಂಡವರ ಬಗ್ಗೆ ಇರುವ ಮಾತುಗಳನ್ನು ನೋಡಿ. ‘ಸತ್ತ’ ಎಂಬುದನ್ನು ‘ತೀರಿಕೊಂಡ’ ಎಂದು ಬದಲಿಸಿದರಷ್ಟೇ ಸಾಲದು. ‘ತೀರಿಕೊಂಡರು’ ಎಂದು ವಾಕ್ಯ ಮುಗಿದರೆ ಕೊನೆಯ ‘ರು’ ಗೌರವವನ್ನು ಹೇಳುತ್ತದೆ. ಆದರೆ ‘ತೀರಿಕೊಂಡ ಸುದ್ದಿ’ ಎನ್ನುವಾಗ ಆ ಪ್ರತ್ಯಯಕ್ಕೆ ಜಾಗವೇ ಇಲ್ಲದ ಕಾರಣ, ಗೌರವವನ್ನು ನಾಮಪದವೇ ಹೊರಬೇಕಾಗುತ್ತದೆ. ಆದ್ದರಿಂದ ಅಲ್ಲಿ ‘ತಾಯಿಯವರು’ ಎಂದು ಬರೆಯಿರಿ. ‘ನಿಧನರಾದ’ ಎಂದರೆ ‘ರ’ ಒಳಗೇ ಸೇರಿರುತ್ತದೆ, ಆದರೂ ಆ ಪದಕ್ಕೆ ಪತ್ರಿಕೆಯ ಸುದ್ದಿಯ ಧಾಟಿಯಿದೆ. ‘ಆಕೆ ಒಳ್ಳೆಯವಳು’ ಎಂಬುದು ‘ಅವರು ಒಳ್ಳೆಯವರಾಗಿದ್ದರು’ ಎಂದಾಗಬೇಕು. ಅವರನ್ನು ನೀವು ಕಂಡಿದ್ದರೆ ಇಂಥ ಹೊಗಳಿಕೆಗಿಂತ ಒಂದು ಸಣ್ಣ ನೆನಪು ಮೇಲು. ತೀರಿಕೊಂಡವರು ಸಹೋದ್ಯೋಗಿಯ ತಮ್ಮನೋ ತಂಗಿಯೋ ಆಗಿದ್ದರೆ ‘ತಮ್ಮನವರು’ ಎಂಬುದು ಕೃತಕವೆನಿಸಬಹುದು. ಆಗ ‘ನಿಮ್ಮ ತಮ್ಮ ಇನ್ನಿಲ್ಲವೆಂದು ತಿಳಿಯಿತು’ ಎನ್ನಬಹುದು, ಏಕೆಂದರೆ ‘ಇಲ್ಲ’ ಎಂಬ ಪದ ಯಾರ ವಿಷಯದಲ್ಲೂ ರೂಪ ಬದಲಿಸುವುದಿಲ್ಲ.

ನಂತರ ಓದುವವರನ್ನು ಉದ್ದೇಶಿಸಿದ ಕ್ರಿಯಾಪದಗಳಿಗೆ ಮಾತ್ರ ಗೆರೆ ಎಳೆಯಿರಿ. ಮೇಲಿನ ಸಂದೇಶದಲ್ಲಿ ‘ತಂದುಕೋ’ ಏಕವಚನ, ‘ಹೇಳಿ’ ಬಹುವಚನ. ದಿನವೂ ‘ನೀವು’ ಎನ್ನುವವರಿಗೆ ‘ತಂದುಕೊಳ್ಳಿ’ ಎಂದೇ ಬರೆಯಬೇಕು. ‘ನೀನು’ ಎನ್ನುವಷ್ಟು ಸಲಿಗೆಯಿದ್ದರೆ ಕೊನೆಯವರೆಗೂ ಏಕವಚನವೇ ಇರಲಿ, ಆದರೆ ಅವರ ತಾಯಿಗೆ ಬಹುವಚನ ತಪ್ಪಬಾರದು.

ಇನ್ನು ‘ನಷ್ಟಕ್ಕೆ ಕ್ಷಮೆ’. ಕನ್ನಡದಲ್ಲಿ ಕ್ಷಮೆ ಕೇಳುವುದು ತಪ್ಪು ಮಾಡಿದವರು, ‘ನಿಮ್ಮ ನಷ್ಟ’ ಎಂದರೆ ಮೊದಲು ನೆನಪಾಗುವುದು ವ್ಯಾಪಾರ. ‘ತಿಳಿದು ತುಂಬಾ ದುಃಖವಾಯಿತು’ ಎಂದರೆ ಸಾಕು. ‘ತೀವ್ರ ಸಂತಾಪ ಸೂಚಿಸುತ್ತೇನೆ’ ಎಂಬುದು ಸಭೆಯ ನಿರ್ಣಯಕ್ಕೆ ಸರಿ, ಪಕ್ಕದ ಮೇಜಿನವರಿಗೆ ದೂರದ ಮಾತು.

ತಿದ್ದಿದ ಮೇಲೆ, ಸಹೋದ್ಯೋಗಿಯ ಹೆಸರಿಗೆ ‘ಅವರೇ’ ಸೇರಿಸಿ ಹೀಗೆ ಬರೆಯಬಹುದು:

‘ನಿಮ್ಮ ತಾಯಿಯವರು ತೀರಿಕೊಂಡ ಸುದ್ದಿ ತಿಳಿದು ತುಂಬಾ ದುಃಖವಾಯಿತು. ನಿಮ್ಮ ಮನೆಗೆ ಬಂದಿದ್ದಾಗ ಅವರು ಬಾಗಿಲವರೆಗೂ ಬಂದು ನಮ್ಮನ್ನು ಬೀಳ್ಕೊಟ್ಟದ್ದು ನೆನಪಾಗುತ್ತಿದೆ. ಈ ನೋವನ್ನು ತಡೆದುಕೊಳ್ಳುವ ಶಕ್ತಿ ನಿಮಗೂ ಮನೆಯವರಿಗೂ ಸಿಗಲಿ. ಕಚೇರಿಯ ಚಿಂತೆ ಬೇಡ, ಈ ತಿಂಗಳ ವರದಿಯನ್ನು ನಾನು ನೋಡಿಕೊಳ್ಳುತ್ತೇನೆ.’

‘ಏನಾದರೂ ಬೇಕಿದ್ದರೆ ಹೇಳಿ’ ಎಂಬುದನ್ನು ಬಿಟ್ಟದ್ದು ಬೇಕೆಂದೇ: ದುಃಖದಲ್ಲಿರುವವರು ಬಾಯಿಬಿಟ್ಟು ಕೇಳುವುದು ಕಡಿಮೆ.