ಮಳೆಗಾಲದ ಮಲೆನಾಡಿನಲ್ಲಿ ಹೊರಾಂಗಣ ಚಿತ್ರೀಕರಣ: ವೇಳಾಪಟ್ಟಿ ಹೊಂದಿಸಿದ ನನ್ನ ಅನುಭವ

ಶಿವಮೊಗ್ಗದಲ್ಲಿದ್ದುಕೊಂಡು ಕಿರುಚಿತ್ರ, ಸಾಕ್ಷ್ಯಚಿತ್ರಗಳ ನಿರ್ಮಾಣ ನಿರ್ವಹಣೆ ನೋಡಿಕೊಳ್ಳುವ ನನ್ನನ್ನು, ಮಳೆಗಾಲದಲ್ಲಿ ತೀರ್ಥಹಳ್ಳಿ ಸೀಮೆಗೆ ಬರಬಯಸುವ ನಿರ್ದೇಶಕರು ಮೊದಲು ಕೇಳುವುದು ಯಾವ ದಿನ ಮಳೆ ಇರುವುದಿಲ್ಲ ಎಂದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಥ ದಿನವನ್ನು ಮುಂಚಿತವಾಗಿ ಗುರುತಿಸಿಡುವುದು ಆಗದ ಮಾತು. ಯಾವ ದೃಶ್ಯ ಎಷ್ಟು ಮಳೆಯನ್ನು ತಡೆದುಕೊಳ್ಳುತ್ತದೆ ಎಂಬುದನ್ನು ಮೊದಲು ಗೊತ್ತುಮಾಡಿಕೊಂಡು, ಆಮೇಲೆ ದಿನಾಂಕಕ್ಕೆ ಕೈಹಾಕುವುದು ನನ್ನ ಕ್ರಮ. ಹುಬ್ಬೆ ಮಳೆ ಮುಗಿದು ಉತ್ತರೆ ಹಿಡಿಯುವ ಹೊತ್ತಿನಲ್ಲಿ, ಅಂದರೆ ಸೆಪ್ಟೆಂಬರ್ ನಡುವಿನಲ್ಲಿ, ತೀರ್ಥಹಳ್ಳಿ ಸಮೀಪದ ತೋಟದ ಮನೆಯೊಂದರಲ್ಲಿ ಮಾಡಿದ ಕಿರುಚಿತ್ರದ ಕೆಲಸವನ್ನೇ ಇಲ್ಲಿ ವಿವರಿಸುತ್ತೇನೆ.

ಚಿತ್ರಕಥೆಯನ್ನು ಓದುವಾಗ ನಾನು ಆಕಾಶಕ್ಕಿಂತ ನೆಲವನ್ನೇ ಹೆಚ್ಚು ಯೋಚಿಸುತ್ತೇನೆ. ಸೋನೆ ಮಳೆ ಕ್ಯಾಮೆರಾಗೆ ಸುಲಭವಾಗಿ ಕಾಣಿಸುವುದಿಲ್ಲ; ಹನಿಗಳ ಹಿಂದಿನಿಂದ ಬೆಳಕು ಬಿದ್ದು, ಅದರಾಚೆ ಕಪ್ಪು ಹಿನ್ನೆಲೆ ಇದ್ದರಷ್ಟೇ ಅವು ಎದ್ದು ತೋರುತ್ತವೆ. ಆದರೆ ಒದ್ದೆಯಾದ ಅಂಗಳ, ಸೂರಿನಿಂದ ಇಳಿಯುವ ನೀರು, ಕಲಾವಿದರ ತಲೆಗೂದಲು, ಇವು ಪ್ರತಿ ಶಾಟ್‌ನಲ್ಲೂ ಸಾಕ್ಷಿ ಹೇಳುತ್ತವೆ. ಆದ್ದರಿಂದ ದೃಶ್ಯಗಳನ್ನು ಒಣ ನೆಲ ಬೇಕೇ ಬೇಕಾದವು, ಒದ್ದೆ ನೆಲವಿದ್ದರೂ ನಡೆಯುವವು, ಮಳೆ ಬರುತ್ತಿರುವಾಗಲೇ ತೆಗೆಯಬಹುದಾದವು ಎಂದು ವಿಂಗಡಿಸಿದೆವು. ಒಣ ನೆಲ ಬೇಕೆಂದು ಗುರುತಾದ ದೃಶ್ಯಗಳ ಬಗ್ಗೆ ನಿರ್ದೇಶಕರೊಡನೆ ಸ್ವಲ್ಪ ವಾದವನ್ನೇ ಮಾಡಬೇಕಾಯಿತು. ಸೆಪ್ಟೆಂಬರ್‌ನಲ್ಲಿ ಇಲ್ಲಿನ ಅಂಗಳ ಪಾಚಿಗಟ್ಟಿ, ಜನ ಅಡಿಕೆ ದಬ್ಬೆಯ ಮೇಲೆ ಕಾಲಿಟ್ಟು ಓಡಾಡುತ್ತಾರೆ, ತೋಟದಲ್ಲಿ ಗೊನೆಗಳಿಗೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟಿರುತ್ತದೆ. ಇದನ್ನೆಲ್ಲ ಚೌಕಟ್ಟಿನೊಳಗೆ ಇಟ್ಟುಕೊಂಡು ಬೇಸಿಗೆಯ ಕಥೆ ಹೇಳಲು ಬರುವುದಿಲ್ಲ. ಕಥೆಯ ಕಾಲವನ್ನೇ ಮಳೆಗಾಲಕ್ಕೆ ಬದಲಿಸಲು ಅವರು ಒಪ್ಪಿದ ಮೇಲೆ, ಒಣ ನೆಲ ಬೇಕಾದದ್ದಾಗಿ ಉಳಿದದ್ದು ಮಗಳು ಬಸ್ಸಿಗೆ ಕಾಯುವ ದೃಶ್ಯವೊಂದೇ.

ಆ ದೃಶ್ಯಕ್ಕೆ ನಾನು ಪೂರ್ವದ ಕಡೆ ಜಾಗ ನೋಡಿದೆ. ಅರಬ್ಬಿ ಸಮುದ್ರದಿಂದ ಬರುವ ಮೋಡ ಘಟ್ಟಕ್ಕೆ ತಾಗಿ ಮೇಲೇರುವಾಗ ಆಗುಂಬೆ, ಹುಲಿಕಲ್ ಭಾಗದಲ್ಲಿ ಬಹುಪಾಲು ಸುರಿದುಬಿಡುತ್ತದೆ. ಅಲ್ಲಿಂದ ಪೂರ್ವಕ್ಕೆ ಬಂದಷ್ಟೂ ಮಳೆ ಇಳಿಯುತ್ತ ಹೋಗುತ್ತದೆ. ಆಗುಂಬೆಯಲ್ಲಿ ಜಡಿಮಳೆ ಇದ್ದ ದಿನವೇ ಮಂಡಗದ್ದೆಯಲ್ಲಿ ತುಂತುರು, ಶಿವಮೊಗ್ಗದಲ್ಲಿ ಬಿಸಿಲು ಕಾಣುವುದು ನಮಗೇನೂ ಹೊಸದಲ್ಲ. ತೀರ್ಥಹಳ್ಳಿಯ ತಂಗುದಾಣಕ್ಕೆ ಬದಲಾಗಿ ಮಂಡಗದ್ದೆಯಿಂದ ಈಚೆಗೆ ಒಂದು ತಂಗುದಾಣವನ್ನೂ ನೋಡಿಟ್ಟು, ಎರಡಕ್ಕೂ ಅನುಮತಿ ಪಡೆದೆವು. ಜನರೇಟರ್ ವಾಹನವನ್ನು ಶಿವಮೊಗ್ಗದಿಂದಲೇ ತರಿಸಿಕೊಂಡದ್ದಕ್ಕೂ ಕಾರಣವಿದೆ: ಮಳೆಗಾಲದಲ್ಲಿ ಆಗುಂಬೆ ಘಾಟಿಯಲ್ಲಿ ಭಾರಿ ವಾಹನಗಳ ಸಂಚಾರವನ್ನು ನಿರ್ಬಂಧಿಸುವುದುಂಟು, ಉಡುಪಿ ಕಡೆಯಿಂದ ಬರುವ ವಾಹನವನ್ನು ನಂಬಿಕೊಂಡು ಕೂರಲಾಗದು.

ಹವಾಮಾನ ಇಲಾಖೆಯ ಬಣ್ಣದ ಎಚ್ಚರಿಕೆಯನ್ನು ಎಲ್ಲರೂ ನೋಡುತ್ತಾರೆ, ಆದರೆ ಅದು ಜಿಲ್ಲೆಗೆಲ್ಲ ಸೇರಿ ಒಂದೇ ಬಣ್ಣ. ಶಿಕಾರಿಪುರಕ್ಕೂ ಆಗುಂಬೆಗೂ ಆರೆಂಜ್ ಅಲರ್ಟ್ ಒಂದೇ ಅರ್ಥ ಕೊಡುವುದಿಲ್ಲ. ನಾನು ಅದಕ್ಕಿಂತ ಮುಂಚೆ ಬಂಗಾಳ ಕೊಲ್ಲಿಯ ಸುದ್ದಿ ಗಮನಿಸುತ್ತೇನೆ. ಒಡಿಶಾ ಕರಾವಳಿಯ ಬಳಿ ವಾಯುಭಾರ ಕುಸಿತ ಉಂಟಾಗಿ ಅದು ಪಶ್ಚಿಮಕ್ಕೆ ಸರಿಯತೊಡಗಿದರೆ, ನಮ್ಮ ಕರಾವಳಿ ಮತ್ತು ಘಟ್ಟದಲ್ಲಿ ಗಾಳಿ ಬಿರುಸಾಗಿ ಮಳೆ ಬಲವಾಗುವ ಸಂಭವ ಹೆಚ್ಚು. ಅಂಥ ಸುದ್ದಿ ಬಂದ ವಾರದಲ್ಲಿ ಹೊರಗಿನ ದೃಶ್ಯಗಳನ್ನು ಮುಂದಕ್ಕೆ ಹಾಕಿ ಮನೆಯೊಳಗಿನವನ್ನು ಮೊದಲಿಗೆ ತರುತ್ತೇನೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೋಬಳಿವಾರು ಮಳೆಯ ಪ್ರಮಾಣ ಕೊಡುತ್ತದೆ; ಪಶ್ಚಿಮದ ಹೋಬಳಿಗಳಲ್ಲಿ ರಾತ್ರಿ ಬಿದ್ದ ಮಳೆ ನೋಡಿದರೆ ಮರುದಿನ ಹಳ್ಳ ತುಂಬಿ ತೋಟದ ದಾರಿ ಮುಚ್ಚಿದೆಯೇ ಎಂದು ಅಂದಾಜು ಸಿಗುತ್ತದೆ. ಬೆಳಿಗ್ಗೆ ನೋಡುವುದು 3 ಗಂಟೆಯ ತತ್ಕ್ಷಣದ ಮುನ್ಸೂಚನೆ ಮತ್ತು ಉಪಗ್ರಹ ಚಿತ್ರ. ಇಷ್ಟಾದ ಮೇಲೂ ಮನೆಯ ಯಜಮಾನರಿಗೆ ಒಂದು ಫೋನ್ ಮಾಡದೆ ನಾನು ಯೂನಿಟ್ ಹೊರಡಿಸುವುದಿಲ್ಲ. "ಗುಡ್ಡದ ನೆತ್ತಿ ಕಾಣ್ತಿದೆ, ಬನ್ನಿ ಮಾರಾಯ್ರೇ, ಮಧ್ಯಾಹ್ನದವರೆಗೆ ಹೊಳವಿರ್ತದೆ" ಎಂದು ಅವರು ಅಂದರೆ ಆ ಮಾತಿಗೆ ಬೆಲೆಯಿದೆ.

ತೋಟದ ದೃಶ್ಯದ ದಿನ ಹೀಗೆ ನಡೆಯಿತು. ತಾಯಿ ತೋಟದಿಂದ ಮೇಲೆ ಬಂದು ಅಂಗಳದಲ್ಲಿ ಮಗಳೊಡನೆ ಮಾತನಾಡಬೇಕು. ಏಳೂವರೆಗೆ ಹೊಳವಾಗಿತ್ತು. ಆಗ ವೈಡ್ ಶಾಟ್‌ಗಳನ್ನಷ್ಟೇ ತೆಗೆದೆವು, ಏಕೆಂದರೆ ಆಕಾಶ, ತೋಟ, ಅಂಗಳ ಮೂರೂ ಕಾಣುವ ಶಾಟ್‌ಗೆ ಆಸರೆ ಕಟ್ಟಲಾಗದು. ಕ್ಲೋಸಪ್‌ಗಾದರೆ ಜಗಲಿಯ ಅಂಚಿನಿಂದ ಟಾರ್ಪಾಲು ಎಳೆದು ಅದರಡಿ ಕಲಾವಿದರನ್ನು ನಿಲ್ಲಿಸಬಹುದು. ಟಾರ್ಪಾಲು ನೀಲಿಯದಾದರೆ ಮುಖಕ್ಕೆ ನೀಲಿ ಛಾಯೆ ಹೊಡೆಯುತ್ತದೆ, ನಾವು ಬಿಳಿಯದನ್ನು ಒಯ್ದಿದ್ದೆವು. ನಡುವೆ ಬಿಸಿಲು ಇಣುಕಿದಾಗ ಕ್ಯಾಮೆರಾ ನಿಲ್ಲಿಸಿ, ಮತ್ತೆ ಮೋಡ ಮುಚ್ಚುವವರೆಗೆ ಕಾದೆವು. ಮಳೆಗಿಂತ ಈ ಕಣ್ಣಾಮುಚ್ಚಾಲೆಯ ಬಿಸಿಲೇ ಸಂಕಲನಕಾರರಿಗೆ ಹೆಚ್ಚು ತಲೆನೋವು. ಹತ್ತೂವರೆಯ ಹೊತ್ತಿಗೆ ಆಚೆ ಗುಡ್ಡ ಮರೆಯಾಯಿತು, ಅಡಿಕೆ ಸೋಗೆಗಳ ಮೇಲೆ ಮಳೆಯ ಸದ್ದು ದೂರದಿಂದ ಹತ್ತಿರವಾಗುತ್ತ ಬಂತು. ಹನಿ ಬೀಳುವ ಮುನ್ನವೇ ಲೈಟಿನ ಸಂಪರ್ಕ ತೆಗೆಸಿ ಒಳಗೆ ಸಾಗಿಸಿದೆವು. ಅಡುಗೆಮನೆಯ ದೃಶ್ಯಕ್ಕೆ ಬೆಳಗ್ಗೆಯೇ ಲೈಟು ಹೊಂದಿಸಿಟ್ಟಿದ್ದರಿಂದ ಅರ್ಧ ಗಂಟೆಯೊಳಗೆ ಅಲ್ಲಿ ಕೆಲಸ ಹಿಡಿಯಿತು. ಕವರ್ ಸೆಟ್ ಎನ್ನುವುದು ಇದನ್ನೇ. ಅದು ಅದೇ ಮನೆಯಲ್ಲಿರಬೇಕು, ಇಪ್ಪತ್ತು ಕಿಲೋಮೀಟರ್ ಆಚೆ ಇದ್ದರೆ ಮಳೆ ನಿಂತ ಮೇಲೆಯೇ ಅಲ್ಲಿಗೆ ತಲುಪುತ್ತೇವೆ.

ಹೆಂಚಿನ ಮೇಲೆ ಮಳೆ ಹೊಡೆಯುವಾಗ ಸಂಭಾಷಣೆ ಸಿಗುವುದಿಲ್ಲವಾದ್ದರಿಂದ, ಒಳಗಿನ ದೃಶ್ಯಗಳಲ್ಲಿ ಮಾತಿಲ್ಲದವನ್ನೇ ಕವರ್ ಸೆಟ್‌ಗೆ ಆರಿಸಿದ್ದೆವು. ಮಧ್ಯಾಹ್ನ ಮಳೆ ನಿಂತಿತು. ಛಾಯಾಗ್ರಾಹಕರು ತಕ್ಷಣ ಸಿದ್ಧರಾದರು, ಶಬ್ದಗ್ರಾಹಕರು ಆಗಲಿಲ್ಲ: ಮಳೆ ನಿಂತ ಮೇಲೂ ತೋಟ ಸುಮಾರು ಅರ್ಧ ಗಂಟೆ ತೊಟ್ಟಿಕ್ಕುತ್ತದೆ, ಸೂರಿನ ನೀರು ಅಂಗಳದ ಕಲ್ಲಿಗೆ ಬೀಳುವ ಟಪಟಪ ಸದ್ದು ಮೈಕಿನಲ್ಲಿ ಚೆನ್ನಾಗಿಯೇ ಕೇಳುತ್ತದೆ. ಆ ಅರ್ಧ ಗಂಟೆಯನ್ನು ನಾನು ವೇಳಾಪಟ್ಟಿಯಲ್ಲಿ ಊಟಕ್ಕೆಂದು ಬರೆಯುತ್ತೇನೆ. ತೋಟದೊಳಗೆ ಸಂಜೆ ಐದಕ್ಕೇ ಬೆಳಕು ಕುಂದುವುದರಿಂದ ಮಧ್ಯಾಹ್ನದ ನಂತರ ನಿಜವಾಗಿ ಸಿಗುವುದು ಎರಡು, ಎರಡೂವರೆ ಗಂಟೆ ಮಾತ್ರ. ಕ್ಲೋಸಪ್‌ಗಳು ಅಷ್ಟರಲ್ಲಿ ಮುಗಿದವು. ಇಬ್ಬರು ಕಲಾವಿದರಿಗೂ ಒಂದೇ ಉಡುಪಿನ ಎರಡೆರಡು ಜೊತೆ ಇದ್ದದ್ದು ಅಂದು ಕೆಲಸಕ್ಕೆ ಬಂತು.

ಮಳೆಯ ದಿನದ ಹಣಕಾಸನ್ನು ಮೊದಲೇ ಮಾತಾಡಿಕೊಳ್ಳಬೇಕು. ಕೆಲಸಕ್ಕೆ ಬೇಕಾದುದಕ್ಕಿಂತ ಒಂದು ದಿನ ಹೆಚ್ಚಾಗಿ ಎಲ್ಲರ ಕಾಲ್‌ಶೀಟ್ ಪಡೆದು, ಆ ದಿನ ಕರೆಯದಿದ್ದರೆ ಅರ್ಧ ಸಂಬಳ, ಕರೆದರೆ ಪೂರ್ತಿ, ನಿರ್ಧಾರ ಹಿಂದಿನ ರಾತ್ರಿ ಎಂಟರೊಳಗೆ ಎಂದು ಬರಹದಲ್ಲೇ ಒಪ್ಪಿಸಿಕೊಳ್ಳುತ್ತೇನೆ. ಬಸ್ಸಿನ ದೃಶ್ಯ ಆ ಹೆಚ್ಚುವರಿ ದಿನದಲ್ಲೇ, ಮಂಡಗದ್ದೆಯ ಈಚೆಗಿನ ತಂಗುದಾಣದಲ್ಲಿ ಮುಗಿಯಿತು.

ಈ ಲೆಕ್ಕವೆಲ್ಲ ಮುಂಗಾರಿಗೆ ಸರಿ. ಅಕ್ಟೋಬರ್‌ನಲ್ಲಿ, ಹಸ್ತ ಚಿತ್ತೆಗಳ ಹೊತ್ತಿಗೆ, ಬೆಳಿಗ್ಗೆ ಶುಭ್ರವಾಗಿದ್ದು ಮಧ್ಯಾಹ್ನದ ಮೇಲೆ ಗುಡುಗು ಸಿಡಿಲಿನೊಡನೆ ಎಲ್ಲಿ ಬೇಕಾದರೂ ಸುರಿಯಬಹುದಾದ್ದರಿಂದ ಪೂರ್ವಕ್ಕೆ ಸರಿದು ಪ್ರಯೋಜನವಿಲ್ಲ. ಆಗ ಹೊರಗಿನ ದೃಶ್ಯಗಳನ್ನೆಲ್ಲ ಆರೂವರೆಯಿಂದ ಒಂದು ಗಂಟೆಯೊಳಗೆ ಇಟ್ಟು, ಮೊದಲ ಗುಡುಗು ಕೇಳಿದೊಡನೆ ಕ್ರೇನ್, ಲೈಟ್ ಸ್ಟ್ಯಾಂಡ್‌ಗಳನ್ನು ಇಳಿಸಿ ಯೂನಿಟ್ಟನ್ನು ಮನೆಯೊಳಗೆ ಸೇರಿಸುತ್ತೇನೆ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆಯಾಗುವವರೆಗೆ, ನಿರ್ದೇಶಕರು ಎಷ್ಟೇ ಒತ್ತಾಯಿಸಿದರೂ, ಯಾರನ್ನೂ ಹೊರಗೆ ಬಿಡುವುದಿಲ್ಲ.